ಪದಚರ್ಚೆ: ‘ಫೈರ್ ರೆಜೀಮ್’ಗೆ ಕನ್ನಡ ಏನು? ಫಲಕಕ್ಕೆ ತುರ್ತಾಗಿ ಬೇಕು

ಅನುವಾದಕಿ, ಬೀದರ್

ಎಲ್ಲರಿಗೂ ನಮಸ್ಕಾರ. ಕೃಷ್ಣಮೃಗಗಳಿರುವ ಹುಲ್ಲುಗಾವಲಿನ ಅಂಚಿಗೆ ಹಾಕುವ ಫಲಕದ ಬರಹ ಸೋಮವಾರ ಪೇಂಟರ್ ಕೈಗೆ ಹೋಗಬೇಕು. ಕರಡಿನಲ್ಲಿ ಫೈರ್ ರೆಜೀಮ್, ಅಂದರೆ ಒಂದು ನೆಲದಲ್ಲಿ ಬೆಂಕಿ ಮರಳಿ ಮರಳಿ ಬರುವ ರೀತಿ, ‘ಅಗ್ನಿ ಆಡಳಿತ’ವಾಗಿದೆ. ಓದಿದವರಿಗೆ ಅದು ಯಾವುದೋ ಇಲಾಖೆ ಅನ್ನಿಸುತ್ತದೆ. ಇಂಟರ್‌ಮೀಡಿಯೆಟ್ ಡಿಸ್ಟರ್ಬೆನ್ಸ್ ಹೈಪಾಥಿಸಿಸ್ ‘ಮಧ್ಯಮ ಕ್ಷೋಭೆಯ ಸಿದ್ಧಾಂತ’ ಆಗಿದೆ. ಅದರ ಕೆಳಗೆ ಒಂದು ಸಾಲು: ‘ಮಿತವಾಗಿ ಬೆಂಕಿ ಬಿದ್ದರೆ ಸಸ್ಯಜಾತಿಗಳು ಹೆಚ್ಚುತ್ತವೆ.’ ಸಾಲಿಗೆ ಐದಾರು ಪದ ಮಾತ್ರ ಹಿಡಿಸುತ್ತವೆ. ‘ಬೆಂಕಿಕ್ರಮ’ ನಡೆಯುತ್ತದೆಯೇ?

ನಿವೃತ್ತ ಕನ್ನಡ ಪ್ರಾಧ್ಯಾಪಕರು, ಕಲಬುರಗಿ

ನಡೆಯುವುದಿಲ್ಲ. ಅರಿಸಮಾಸ. ‘ಅಗ್ನಿಕ್ರಮ’ ಎನ್ನಿ, ಇಲ್ಲವೇ ಪೂರ್ತಿ ಕನ್ನಡಕ್ಕೆ ಬನ್ನಿ. ಕಾಡ್ಗಿಚ್ಚು ಇದ್ದಂತೆ ಹುಲ್ಗಿಚ್ಚು ಆಗಲಿ. ಕಿಚ್ಚು ನಮ್ಮದೇ ಪದ, ತೆಲುಗಿನ ‘ಚಿಚ್ಚು’ ಅದರ ಒಡಹುಟ್ಟು. ‘ಕ್ಷೋಭೆ’ಯೂ ಬೇಡ, ‘ಕಲಕು’ ಸಾಕು. ಸಿದ್ಧಾಂತ ಎನ್ನುವುದು ಸಾಧಿಸಿದ ಮೇಲಿನ ಮಾತು. ಇಲ್ಲಿ ಬೇಕಾದದ್ದು ಪ್ರಾಕ್ಕಲ್ಪನೆ.

ಜೀವಶಾಸ್ತ್ರ ಉಪನ್ಯಾಸಕ, ಯಾದಗಿರಿ

ಪದ ಯಾವುದೇ ಇರಲಿ, ಕೆಳಗಿನ ಸಾಲು ಸರಿಯಾಗಿದೆ ಮೇಡಂ. 1978ರಲ್ಲಿ ಜೋಸೆಫ್ ಕಾನೆಲ್ ಮಳೆಕಾಡು ಮತ್ತು ಹವಳದ ದಿಬ್ಬಗಳನ್ನು ಇಟ್ಟುಕೊಂಡು ಹೇಳಿದ್ದು ಇದನ್ನೇ. ತೊಂದರೆಯೇ ಇಲ್ಲದಿದ್ದರೆ ಬಲವಾದ ಜಾತಿ ಉಳಿದವನ್ನು ಹೊರದಬ್ಬುತ್ತದೆ, ತೊಂದರೆ ಅತಿಯಾದರೆ ತಡೆದುಕೊಳ್ಳುವ ಕೆಲವೇ ಜಾತಿ ಉಳಿಯುತ್ತವೆ, ನಡುವೆ ಎರಡೂ ಬಗೆಯವು ಇರುತ್ತವೆ. ಗ್ರಾಫಿನಲ್ಲಿ ಗೂನುಬೆನ್ನಿನ ಗೆರೆ ಬರುತ್ತದೆ. ‘ಮಿತವಾದ ಬೆಂಕಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಹಾಗೇ ಬಿಡಿ.

ರೈತರು, ಸೇಡಂ

ಅಕ್ಕಾರ, ಬದುವಿನ ಹುಲ್ಲು ಸುಡೋದು ಸರಿನೋ ತಪ್ಪೋ ಅಂತ ಕೇಳೀರಿ ಅಂತ ತಿಳ್ಕೊಂಡೆ. ನಮ್ಮ ಕಡಿ ಬ್ಯಾಸಗ್ಯಾಗ ಬದು ಸುಡ್ತಾರ. ಸುಟ್ಟ ಮ್ಯಾಲ ಎಲ್ಲಕ್ಕಿಂತ ಮೊದಲ ಚಿಗಿಯೋದು ಕರಕಿನೇ. ಬ್ಯಾರೆ ಸಣ್ಣ ಗಿಡ ಮಳಿ ಬಂದ್ರೂ ತಡಾ ಮಾಡ್ತಾವ. ಕರಕಿ ಹೋಗಲೆಂದು ಸುಟ್ಟೋರ ಬದುವಿನ್ಯಾಗ ಕರಕಿನೇ ಜಾಸ್ತಿ ಆಗ್ಯಾದ.

ಹುಲ್ಲುಗಾವಲು ಸಂಶೋಧಕಿ, ಕಲಬುರಗಿ

ಸೇಡಂ ಅಣ್ಣಾವ್ರು ಪ್ರಶ್ನೆಯನ್ನು ಬೇರೆ ರೀತಿ ತಿಳಿದುಕೊಂಡರೂ, ಇಡೀ ಚರ್ಚೆಯ ಗಂಟು ಅವರ ಕರಕಿಯಲ್ಲೇ, ಅಂದರೆ ಗರಿಕೆ ಹುಲ್ಲಿನಲ್ಲೇ ಇದೆ. ಕರಕಿಯ ಗೆಣ್ಣು ಮಣ್ಣಿನೊಳಗೆ ಇರುತ್ತದೆ. ಬೆಂಕಿ ಮೇಲಿನ ಒಣಗಿದ ಎಲೆಯನ್ನು ತಿಂದು ಸಾಗಿಬಿಡುತ್ತದೆ, ಗೆಣ್ಣಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

ಉಪನ್ಯಾಸಕ ಸರ್, ಗೂನುಬೆನ್ನಿನ ಗೆರೆ ಬರಬೇಕಾದರೆ ತೊಂದರೆಯ ಪೆಟ್ಟು ಬಲವಾದ ಜಾತಿಗೆ ಬೀಳಬೇಕು. ಹುಲ್ಲುಗಾವಲಿನಲ್ಲಿ ಆಗುವುದು ತಿರುಗುಮುರುಗು. ಅಮೆರಿಕದ ಕಾನ್ಸಾಸ್‌ನಲ್ಲಿ ಕೊಂಜಾ ಎಂಬ ಎತ್ತರದ ಹುಲ್ಲಿನ ಬಯಲಿದೆ. 1970ರ ದಶಕದಿಂದ ಅಲ್ಲಿ ಒಂದು ತುಂಡನ್ನು ಪ್ರತಿ ವರ್ಷ, ಇನ್ನೊಂದನ್ನು 4 ವರ್ಷಕ್ಕೊಮ್ಮೆ, ಮತ್ತೊಂದನ್ನು 20 ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿ ಸುಡುತ್ತ ಬಂದಿದ್ದಾರೆ. ಸ್ಕಾಟ್ ಕಾಲಿನ್ಸ್ ಮತ್ತು ಜೊತೆಗಾರರು 1995ರಲ್ಲಿ ಆ ಲೆಕ್ಕ ಪ್ರಕಟಿಸಿದರು. ನಡುವೆ ಯಾವ ಗೂನೂ ಇರಲಿಲ್ಲ. ಎಷ್ಟು ಹೆಚ್ಚು ಸಲ ಸುಟ್ಟರೋ ಅಷ್ಟು ಕಡಿಮೆ ಜಾತಿಗಳು, ಗೆರೆ ಒಂದೇ ಸಮನೆ ಇಳಿಯಿತು. ಅಲ್ಲಿನ ಯಜಮಾನ ಹುಲ್ಲು ಬಿಗ್ ಬ್ಲೂಸ್ಟೆಮ್, ಅದರ ಮೊಗ್ಗುಗಳೂ ನೆಲದೊಳಗೇ. ವಸಂತದ ಬೆಂಕಿ ಹಳೆಯ ಒಣಹುಲ್ಲಿನ ಹೊದಿಕೆ ತೆಗೆದು ನೆಲಕ್ಕೆ ಬೆಳಕು, ಬಿಸಿ ಕೊಡುತ್ತದೆ. ಅದರ ಲಾಭ ಪಡೆದು ಆ ಹುಲ್ಲೇ ಮುಂದೆ ನುಗ್ಗುತ್ತದೆ, ಆಗಲೇ ಚಿಗುರಿದ್ದ ಸಣ್ಣ ಗಿಡಗಳು ಬೆಂದುಹೋಗುತ್ತವೆ.

ಆದರೆ ಅದೇ ಅಧ್ಯಯನದಲ್ಲಿ ಗೂನು ಬೇರೆ ಕಡೆ ಸಿಕ್ಕಿತು. ಕೊನೆಯ ಬೆಂಕಿಯಾಗಿ ಎಷ್ಟು ಕಾಲವಾಯಿತು ಎಂದು ನೋಡಿದಾಗ ಜಾತಿಗಳ ಸಂಖ್ಯೆ ಮೊದಲು ಏರಿ, ಆಮೇಲೆ ಇಳಿಯಿತು. ಬಹಳ ಕಾಲ ಬೆಂಕಿ ಇಲ್ಲದಿದ್ದರೆ ಒಣಹುಲ್ಲಿನ ಹೊದಿಕೆ ದಪ್ಪವಾಗಿ ಬೆಳಕು ಮುಚ್ಚುತ್ತದೆ. ಹೀಗಾಗಿ ‘ಎಷ್ಟು ಸಲ’ ಎನ್ನುವುದಕ್ಕೂ ‘ಬೆಂಕಿಯಾಗಿ ಎಷ್ಟು ಕಾಲ’ ಎನ್ನುವುದಕ್ಕೂ ಒಂದೇ ಜಾಗದಲ್ಲಿ ಎರಡು ಉತ್ತರ ಬಂದಿವೆ. ‘ಮಿತವಾದ ಬೆಂಕಿ’ ಎಂಬ ಪದ ಈ ಎರಡನ್ನೂ ಕಲಸಿಬಿಡುತ್ತದೆ. ಓದುವವರಂತೂ ಅದನ್ನು ಸಣ್ಣ ಉರಿ ಎಂದೇ ತಿಳಿಯುತ್ತಾರೆ, ಅದು ಮೂರನೆಯ ಅರ್ಥ. ನನ್ನ ತಕರಾರು ಇರುವುದು ಈ ಪದದ ಮೇಲೆ.

ನಿವೃತ್ತ ಪ್ರಾಧ್ಯಾಪಕರು

ಕಾನ್ಸಾಸ್ ಅಲ್ಲಿರಲಿ. ಹುಲ್ಗಿಚ್ಚಿನ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ.

ಹುಲ್ಲುಗಾವಲು ಸಂಶೋಧಕಿ

ಸರ್, ಹುಲ್ಗಿಚ್ಚು ಚೆಂದದ ಪದ, ಆದರೆ ಅದು ಒಂದು ಸಲ ಬಿದ್ದ ಬೆಂಕಿಯ ಹೆಸರು. ರೆಜೀಮ್ ಎನ್ನುವುದು ಒಂದು ನೆಲದಲ್ಲಿ ಬೆಂಕಿ ವರ್ಷಾನುಗಟ್ಟಲೆ ಹೇಗೆ ಬಂದುಹೋಗುತ್ತದೆ ಎಂಬುದು. ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳು, ಉರಿ ಎಷ್ಟು ಜೋರು, ನೆಲದ ಮೇಲೆ ಓಡಿತೋ ಮರದ ನೆತ್ತಿಗೆ ಹತ್ತಿತೋ, ಇವೆಲ್ಲ ಅದರೊಳಗೆ ಬರುತ್ತವೆ. ದಕ್ಷಿಣ ಆಫ್ರಿಕಾದ ಕ್ರೂಗರ್‌ನ ಸವಾನ್ನಾದಲ್ಲಿ 1954ರಿಂದ ತುಂಡುತುಂಡಾಗಿ ಸುಡುತ್ತಿರುವವರು ವರ್ಷದ ಅಂತರವನ್ನೊಂದೇ ಬದಲಿಸಲಿಲ್ಲ, ಸುಡುವ ತಿಂಗಳನ್ನೂ ಬದಲಿಸಿದರು. ಹುಲ್ಲು ಹಸಿಯಿದ್ದಾಗಿನ ಬೆಂಕಿಗೂ ಪೂರ್ತಿ ಒಣಗಿದಾಗಿನ ಬೆಂಕಿಗೂ ಅಜಗಜಾಂತರ. ‘ಬೆಂಕಿಯ ವರಸೆ’ ಎಂದರೆ ಇದೆಲ್ಲ ಹಿಡಿಸುತ್ತದೆ. ಮರಳಿ ಮರಳಿ ಬರುವ ರೀತಿ ಎಂಬ ಅರ್ಥ ಜನರ ಬಾಯಲ್ಲಿ ಈಗಾಗಲೇ ಇದೆ.

ಪತ್ರಕರ್ತ, ಬೀದರ್

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದವೇ ಇದೆ. ಇರುವ ಪದ ಬಿಟ್ಟು ಹೊಸದೇಕೆ? ನಮ್ಮ ಭಾಗದವರಾದರೆ ‘ಬೆಂಕಿ ರಿವಾಜು’ ಎಂದೂ ಅನ್ನಬಹುದು.

ನಿವೃತ್ತ ಪ್ರಾಧ್ಯಾಪಕರು

ರಿವಾಜು ಪಾರಸಿ ದಾರಿಯಲ್ಲಿ ಬಂದದ್ದು. ಬೇಡ.

ಪತ್ರಕರ್ತ, ಬೀದರ್

ಸರ್, ಸವಾನ್ನಾ ಎಲ್ಲಿಂದ ಬಂತು? ಕೆರಿಬಿಯನ್ನಿನ ತಾಯಿನೋ ನುಡಿಯಿಂದ ಸ್ಪ್ಯಾನಿಶಿಗೆ, ಅಲ್ಲಿಂದ ಇಂಗ್ಲಿಷಿಗೆ. ಅದನ್ನು ಯಾರೂ ತಡೆಯಲಿಲ್ಲ. ಇಲ್ಲಿಯ ಬಾಯಲ್ಲಿ ಎಷ್ಟೋ ಕಾಲದಿಂದ ಇರುವ ರಿವಾಜು, ಗಾಯರಾಣ ಬಂದಾಗ ಮಾತ್ರ ಬಾಗಿಲು ಹಾಕುತ್ತೀರಿ. ಈ ಭಾಗದ ಕನ್ನಡವೂ ಕನ್ನಡವೇ.

ನಿವೃತ್ತ ಪ್ರಾಧ್ಯಾಪಕರು

ಬಾಗಿಲು ಹಾಕಿಲ್ಲ. ಮನೆಯಲ್ಲಿ ಪದವಿದ್ದಾಗ ಹೊರಗಿನದು ಬೇಡ ಎಂದೆ. ವರಸೆ ನಮ್ಮದೇ ಪದ, ಒಪ್ಪಿದೆ.

ಹುಲ್ಲುಗಾವಲು ಸಂಶೋಧಕಿ

ರಿವಾಜು ಪಾರಸಿ ಎಂಬುದು ನನಗೆ ಅಡ್ಡಿಯಲ್ಲ. ಅದು ಜನ ಮಾಡಿಕೊಂಡ ಪದ್ಧತಿ, ಸಿಡಿಲಿನಿಂದ ಹತ್ತುವ ಬೆಂಕಿಗೆ ಅದು ಹೊಂದುವುದಿಲ್ಲ. ತರಗು ಬೆಂಕಿ ಕಾಡಿನಲ್ಲಿ ಉದುರಿದ ಎಲೆಯ ಮೇಲೆ ಸೀಸನ್ನಿನ ಮೊದಲಿಗೇ ಓಡಿಸುವ ಸಣ್ಣ ಬೆಂಕಿ. ಅದೊಂದು ವರಸೆ, ಎಲ್ಲ ವರಸೆಗಳ ಹೆಸರಲ್ಲ.

ಜೀವಶಾಸ್ತ್ರ ಉಪನ್ಯಾಸಕ, ಯಾದಗಿರಿ

ಹಾಗಾದರೆ ಪ್ರಾಕ್ಕಲ್ಪನೆಯೇ ಬಿದ್ದುಹೋಯಿತು ಎನ್ನುತ್ತೀರಾ?

ಹುಲ್ಲುಗಾವಲು ಸಂಶೋಧಕಿ

ಜಗಳ ಮುಗಿದಿಲ್ಲ ಸರ್. 2013ರಲ್ಲಿ ಜೆರೆಮಿ ಫಾಕ್ಸ್ ಇದನ್ನು ಕೈಬಿಡಬೇಕು ಎಂದು ಬರೆದರೆ, ಅದೇ ವರ್ಷ ಶೀಲ್ ಮತ್ತು ಬರ್ಸ್‌ಲೆಮ್ ಅದರ ಪರ ನಿಂತರು. ಫಲಕಕ್ಕೆ ಬೇಕಾದ ಮಾತು ಕೊಂಜಾದ ಇನ್ನೊಂದು ಪ್ರಯೋಗದಲ್ಲಿದೆ. ಪ್ರತಿ ವರ್ಷ ಸುಟ್ಟ ಕಡೆಯೂ ಕಾಡೆಮ್ಮೆಯ ಬಳಗದ ಬೈಸನ್ ಮೇಯ್ದಲ್ಲಿ ಜಾತಿಗಳು ಕಡಿಮೆಯಾಗಲಿಲ್ಲ ಎಂದು 1998ರಲ್ಲಿ ತೋರಿಸಿದರು. ಬೆಂಕಿಯಿಂದ ಲಾಭ ಪಡೆದ ಯಜಮಾನ ಹುಲ್ಲನ್ನು ಬೈಸನ್ ತಿಂದು ತಗ್ಗಿಸಿತು. ಬೀದರ್‌ನಲ್ಲಿ ಕೃಷ್ಣಮೃಗ ಮೇಯುತ್ತದೆ, ದನ ಕುರಿಗಳೂ ಮೇಯುತ್ತವೆ. ಮೇವು ಬೋಳಾದ ಕಡೆ ಬೆಂಕಿ ಓಡುವಷ್ಟು ಒಣಹುಲ್ಲೇ ಇರುವುದಿಲ್ಲ. ಹಾಗಾಗಿ ಕಾನ್ಸಾಸ್‌ನ ಅಂಕಿಯನ್ನು ಇಲ್ಲಿಗೆ ಬರೆಯಬೇಡಿ. ‘ಹೆಚ್ಚುತ್ತವೆ’ ಎಂಬ ಖಚಿತ ಮಾತನ್ನೂ ತೆಗೆಯಿರಿ. ಅದನ್ನು ಓದಿ ಯಾರಾದರೂ ಕಡ್ಡಿ ಗೀರಿದರೆ ಆ ಫಲಕ ತಡೆಯಲಾರದು.

ಅನುವಾದಕಿ, ಬೀದರ್

ಎಲ್ಲರಿಗೂ ಧನ್ಯವಾದ. ಪೇಂಟರ್‌ಗೆ ಕೊಡುವುದು ಇಷ್ಟು:

‘ಬೆಂಕಿಯ ವರಸೆ: ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳು, ಎಷ್ಟು ಜೋರು.
ಇದು ಬದಲಾದರೆ ಇಲ್ಲಿನ ಗಿಡಗಳೂ ಬದಲಾಗುತ್ತವೆ.
ಮೇಯುವ ಪ್ರಾಣಿಗಳೂ ಇದರಲ್ಲಿ ಪಾಲುದಾರರು.
ದಯವಿಟ್ಟು ಬೆಂಕಿ ಹಚ್ಚಬೇಡಿ.’

ಮಧ್ಯಮ ಕ್ಷೋಭೆಯನ್ನು ಫಲಕದಿಂದ ಬಿಟ್ಟೆ. ಜೊತೆಗೆ ಹಂಚುವ ಕೈಪಿಡಿಯಲ್ಲಿ ಅದು ಬರಲೇಬೇಕು. ಅಲ್ಲಿ ಕ್ಷೋಭೆಯೋ ಕಲಕೋ?

ನಿವೃತ್ತ ಪ್ರಾಧ್ಯಾಪಕರು

ಕಲಕು.

ಹುಲ್ಲುಗಾವಲು ಸಂಶೋಧಕಿ

ಕಲಕು ಎಂದರೆ ನೀರು ಕಣ್ಮುಂದೆ ಬರುತ್ತದೆ ಸರ್. ಬೆಂಕಿ, ಮೇವು, ಬಿರುಗಾಳಿ ಮೂರಕ್ಕೂ ಒಪ್ಪುವ ಪದ ಬೇಕು. ನನಗಿನ್ನೂ ಹೊಳೆದಿಲ್ಲ.

ರೈತರು, ಸೇಡಂ

ಕರಕಿ ಹೋಗಬೇಕಾದ್ರ ಏನು ಮಾಡಬೇಕು, ಅದನ್ನ ಯಾರೂ ಹೇಳಲಿಲ್ಲ.

ಹುಲ್ಲುಗಾವಲು ಸಂಶೋಧಕಿ

ಅಣ್ಣಾವ್ರೇ, ಸುಡೋದು ಬಿಟ್ಟು ಬ್ಯಾಸಗ್ಯಾಗ ಆಳವಾಗಿ ಅಗಿದು, ಗೆಣ್ಣು ಸಮೇತ ಆರಿಸಿ ಬಿಸಿಲಿಗೆ ಹರವ್ರಿ. ತುಂಡು ಮಾಡಿ ಮಣ್ಣಾಗ ಬಿಟ್ರ ಒಂದೊಂದು ಗೆಣ್ಣೂ ಒಂದೊಂದು ಗಿಡ ಆಗ್ತದ.