‘ಬಡ್ಡಿ ಸೇರಿಲ್ಲ’ ಎಂಬ ಒಂದು ಸಾಲು: ಕಾರವಾರದ ಸಿ.ಎ. ಜೊತೆ ಪ್ರಶ್ನೋತ್ತರ

ಅಂಕೋಲಾದ ನಿವೃತ್ತ ಮೇಷ್ಟ್ರು: ಮೇಡಂ, ನನ್ನ ಹತ್ತಿರ ಒಂದು ಕಂಪನಿಯ ಶೇರು ಇದೆ. ವರ್ಷದ ಲಾಭ 9 ಕೋಟಿ. ಸಾಲ ಇಲ್ಲ. ವಾರ್ಷಿಕ ವರದಿಯ ಕೊನೆಯ ಟಿಪ್ಪಣಿಯಲ್ಲಿ ‘ಕಸ್ಟಮ್ಸ್ ಸುಂಕದ ವಿವಾದ 40 ಕೋಟಿ, ಬಡ್ಡಿ ಮತ್ತು ದಂಡ ಹೊರತುಪಡಿಸಿ’ ಎಂದಿದೆ. 6 ವರ್ಷದಿಂದ ಅದೇ 40. ತಲೆಕೆಡಿಸಿಕೊಳ್ಳಬೇಕಾ?

ಸಿ.ಎ.: ಕೆಡಿಸಿಕೊಳ್ಳಿ ಮೇಷ್ಟ್ರೇ. ಕೇಸು ಸೋಲುವ ಸಾಧ್ಯತೆಯೇ ಜಾಸ್ತಿ ಎಂದು ಕಂಡಿದ್ದರೆ ಕಂಪನಿ ಪ್ರಾವಿಷನ್ ಮಾಡಬೇಕಿತ್ತು. ಆಗ 40 ಕೋಟಿ ಅದೇ ವರ್ಷ ಲಾಭದಿಂದ ಕಳೆಯುತ್ತಿತ್ತು. ಗೆಲ್ಲುತ್ತೇವೆ ಎಂದು ಮ್ಯಾನೇಜ್‌ಮೆಂಟ್ ನಂಬಿದೆ, ಆದರೆ ಸೋಲು ತೀರಾ ದೂರದ ಮಾತೂ ಅಲ್ಲ. ಅದಕ್ಕೇ ಅದು ಟಿಪ್ಪಣಿಯಲ್ಲಿ ಕೂತಿದೆ. ಇದು ಅವರ ಅಂದಾಜು, ಅವರ ವಕೀಲರ ಅಭಿಪ್ರಾಯ.

ನನಗೆ ಚಿಂತೆ ಇರುವುದು ‘ಬಡ್ಡಿ ಹೊರತುಪಡಿಸಿ’ ಎಂಬಲ್ಲಿ. ತಡವಾದ ಕಸ್ಟಮ್ಸ್ ಸುಂಕಕ್ಕೆ ಬಡ್ಡಿ ವರ್ಷಕ್ಕೆ ಶೇಕಡಾ 15. 40 ಕೋಟಿಗೆ ವರ್ಷಕ್ಕೆ 6 ಕೋಟಿ. 6 ವರ್ಷಕ್ಕೆ 36 ಕೋಟಿ. ಸೋತರೆ ಬರುವ ಬಿಲ್ಲು 40 ಅಲ್ಲ, 76ರ ಹತ್ತಿರ. ಸುಳ್ಳು ಹೇಳಿ ಸುಂಕ ತಪ್ಪಿಸಿದ ಆರೋಪವಿದ್ದರೆ ದಂಡ ಬೇರೆ. ಟಿಪ್ಪಣಿಯ ಅಂಕಿ ನಿಂತಲ್ಲೇ ನಿಂತಿದೆ, ಹೊಣೆ ಮಾತ್ರ ಬೆಳೆಯುತ್ತಲೇ ಇದೆ.

ಈಗ ಎರಡು ಕಡೆ ನೋಡಿ. ಆಡಿಟರ್ ವರದಿಯ ಅನುಬಂಧದಲ್ಲಿ ವಿವಾದದಲ್ಲಿರುವ ತೆರಿಗೆಗಳ ಪಟ್ಟಿ ಇರುತ್ತದೆ: ಎಷ್ಟು ಮೊತ್ತ, ಯಾವ ವರ್ಷದ್ದು, ಯಾವ ಹಂತದಲ್ಲಿದೆ ಎಂದು. ಟ್ರಿಬ್ಯೂನಲ್‌ನಲ್ಲಿ ಸೋತು ಮೇಲಿನ ಕೋರ್ಟಿಗೆ ಹೋಗಿದ್ದರೆ ‘ಗೆಲ್ಲುತ್ತೇವೆ’ ಎಂಬ ಮಾತಿನ ತೂಕ ಕಡಿಮೆ. ಎರಡನೆಯದು, ಆಸ್ತಿ ಬದಿಯಲ್ಲಿ ‘ಪ್ರತಿಭಟನೆಯಡಿ ಪಾವತಿ’ ಎಂಬ ಸಾಲು. ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕಲು, ಯಾರ ಆದೇಶದ ವಿರುದ್ಧ ಎಂಬುದನ್ನು ನೋಡಿಕೊಂಡು, ಶೇಕಡಾ 7.5 ಅಥವಾ 10 ಮೊದಲೇ ಕಟ್ಟಬೇಕು. ಶೇಕಡಾ 10 ಕಟ್ಟಿದ್ದರೆ ಆ 4 ಕೋಟಿ ಅಲ್ಲಿ ಆಸ್ತಿಯಾಗಿ ಕೂತಿರಬಹುದು. ಕೇಸು ಸೋತರೆ ಆ ಆಸ್ತಿಯೂ ಹೋಯಿತು.

ಶಿರಸಿಯ ಅಡಿಕೆ ವ್ಯಾಪಾರಿ: ಸುಮ್ನೆ ಹೆದರಿಸಬೇಡಿ ಮೇಡಂ. ತೆರಿಗೆ ನೋಟಿಸು ಯಾರಿಗೆ ಬರೋದಿಲ್ಲ? ಅರ್ಧಕ್ಕರ್ಧ ಅಪೀಲಿನಲ್ಲಿ ಬಿದ್ದುಹೋಗುತ್ತೆ.

ಸಿ.ಎ.: ಬೀಳುವುದುಂಟು, ನಿಜ. ಬೀಳದೇ ಇದ್ದದ್ದಕ್ಕೆ ಟೆಲಿಕಾಂ ಕೇಸು ನೋಡಿ. ಲೈಸೆನ್ಸ್ ಶುಲ್ಕ ಯಾವ ಆದಾಯದ ಮೇಲೆ ಎಂಬ ಜಗಳ ಬಹಳ ವರ್ಷ ನಡೆಯಿತು. ದೊಡ್ಡ ಮೊತ್ತ ಟಿಪ್ಪಣಿಯಲ್ಲೇ ಉಳಿದಿತ್ತು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಸೆಪ್ಟೆಂಬರ್ 30ಕ್ಕೆ ಮುಗಿದ ತ್ರೈಮಾಸಿಕದ ಲೆಕ್ಕ ಇನ್ನೂ ಪ್ರಕಟವಾಗಿರಲಿಲ್ಲ. ಹೊಣೆ ಹಳೆಯದೇ ಎಂದು ತೀರ್ಪು ಖಚಿತ ಮಾಡಿದ್ದರಿಂದ ಅದೇ ತ್ರೈಮಾಸಿಕಕ್ಕೆ ಹಾಕಬೇಕಾಯಿತು. ವೊಡಾಫೋನ್ ಐಡಿಯಾದ ನಷ್ಟ ಸುಮಾರು 50,922 ಕೋಟಿ. ಅದರಲ್ಲಿ ಅರ್ಧದಷ್ಟು ಈ ತೀರ್ಪಿನದು.

ಬಡ್ಡಿಯ ಮಾತಿಗೆ ಬರೋಣ. ದೂರಸಂಪರ್ಕ ಇಲಾಖೆ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ಎಲ್ಲ ಕಂಪನಿಗಳ ಬಾಕಿ 92,642 ಕೋಟಿ. ಅಸಲು ಸುಮಾರು 23,189 ಕೋಟಿ ಮಾತ್ರ. ಉಳಿದದ್ದೆಲ್ಲ ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ.

ಕುಮಟಾದ ಸದಸ್ಯೆ: ಪ್ರಾವಿಷನ್ ಅಂದ್ರೆ ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಟ್ಟಿರ್ತಾರಾ?

ಸಿ.ಎ.: ಇಲ್ಲ. ಅದು ಲೆಕ್ಕದಲ್ಲಿ ಮಾತ್ರ.

ಹೊನ್ನಾವರದ ಸದಸ್ಯ: ನಾನು ಭಾವನ ಬೋಟಿನ ಸಾಲಕ್ಕೆ ಜಾಮೀನು ಹಾಕಿದ್ದೇನೆ. ಕಂತು ಎರಡು ನಿಂತಿದೆ. ಇದೂ ಫುಟ್‌ನೋಟೇ ತಾನೇ?

ಸಿ.ಎ.: ಕಂಪನಿಯಾಗಿದ್ದರೆ, ಭಾವ ಸರಿಯಾಗಿ ಕಟ್ಟುತ್ತಿದ್ದಷ್ಟು ದಿನ ಹೌದು. ಕಂತು ನಿಂತ ಮೇಲೆ ಪ್ರಾವಿಷನ್ ಬೇಕಾ ಎಂದು ಕೂತು ಲೆಕ್ಕ ಹಾಕಬೇಕು. ನೀವು ಮೊದಲು ಬ್ಯಾಂಕಿಗೆ ಹೋಗಿ.

ಶಿರಸಿಯ ಅಡಿಕೆ ವ್ಯಾಪಾರಿ: ಗ್ರೂಪಿಗೆ ಬಂದ ಮೆಸೇಜು ಹಾಕುತ್ತೇನೆ: ‘ವಿವಾದದ ಮೊತ್ತ ನೆಟ್‌ವರ್ತ್‌ನ ಶೇಕಡಾ 10 ದಾಟಿದರೆ ಶೇರು ಮಾರಿ, ದಾಟದಿದ್ದರೆ ನಿಶ್ಚಿಂತೆ.’ ಎಷ್ಟು ಸುಲಭ ನೋಡಿ!

ಸಿ.ಎ.: ದಯವಿಟ್ಟು ಇದನ್ನು ಯಾರೂ ನಂಬಬೇಡಿ. ದಾಟದಿದ್ದರೆ ನಿಶ್ಚಿಂತೆ ಅಂತೆ! ಬಡ್ಡಿ ಸೇರಿಸಿ ನೋಡಿದ್ದಾರಾ? ಕೇಸು ಯಾವ ಕೋರ್ಟಿನಲ್ಲಿದೆ ಅಂತ ನೋಡಿದ್ದಾರಾ? ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ ಎಂದು ಹೋದ ಸಲವೂ ಹೇಳಿದ್ದೆ.

ಅಂಕೋಲಾದ ಮೇಷ್ಟ್ರು: ಸಾಹುಕಾರರೇ, ನೀವೇ ಆಗ ಹೆದರಬೇಡಿ ಎಂದಿರಿ. ಈಗ ಮಾರಿ ಎನ್ನುತ್ತೀರಿ.

ಶಿರಸಿಯ ಅಡಿಕೆ ವ್ಯಾಪಾರಿ: ಮೇಷ್ಟ್ರೇ, ನಾನು ಮೆಸೇಜು ಹಾಕಿದ್ದು ಅಷ್ಟೇ. ದುಡ್ಡು ಹಾಕಿ ಕಲಿತವನು ನಾನು, ಪುಸ್ತಕ ಓದಿ ಅಲ್ಲ.

ಅಂಕೋಲಾದ ಮೇಷ್ಟ್ರು: ನನ್ನ ಪಿಂಚಣಿ ದುಡ್ಡೂ ದುಡ್ಡೇ.

ಭಟ್ಕಳದ ಸದಸ್ಯ: ಗಣಿ ಕಂಪನಿಗಳು ಗಣಿ ಮುಚ್ಚುವ ಖರ್ಚಿಗೆ ಎಷ್ಟು ಇಡಬೇಕು?

ದಾಂಡೇಲಿಯ ಸದಸ್ಯ: ಪ್ರಾವಿಷನ್ ದುಡ್ಡು ಬ್ಯಾಂಕಿನಲ್ಲಿ ಇರುತ್ತಾ ಮೇಡಂ?

ಸಿ.ಎ.: ಮೇಲೆ ಓದಿ.

ಅಂಕೋಲಾದ ಮೇಷ್ಟ್ರು: ಮೇಡಂ, ಅನುಬಂಧ ಸಿಕ್ಕಿತು. ಕೇಸು ಹೈಕೋರ್ಟಿನಲ್ಲಿದೆ ಎಂದಿದೆ. ಅದರ ಮುಂದೆ ಮೊತ್ತ 36 ಕೋಟಿ. ಟಿಪ್ಪಣಿಯಲ್ಲಿ 40 ಇತ್ತಲ್ಲ?

ಸಿ.ಎ.: ಮೊದಲೇ ಕಟ್ಟಿದ 4 ಕೋಟಿ ಕಳೆದು ಬರೆದಿರಬೇಕು. ಆಸ್ತಿ ಬದಿಯ ಸಾಲಿನ ಜೊತೆ ತಾಳೆ ನೋಡಿ. ಹೈಕೋರ್ಟಿಗೆ ಹೋದದ್ದು ಯಾರು, ಕಂಪನಿಯೋ ಇಲಾಖೆಯೋ? ಅದು ಗೊತ್ತಾಗದೆ ನಾನು ಮುಂದೆ ಹೇಳುವುದಿಲ್ಲ.