ಗ್ರಾನೈಟ್ ಅಡುಗೆ ಕಟ್ಟೆ: ಹಾಬ್, ಸಿಂಕ್ ಕಟ್ ಮಾಡಿಸುವ ಮೊದಲು

ಕೇಳಿದವರು, ಕುಂಜಿಬೆಟ್ಟು: ಎಲ್ ಆಕಾರದ ಅಡುಗೆ ಕಟ್ಟೆ, ಒಂದು ಬದಿ 9 ಅಡಿ, ಇನ್ನೊಂದು 6 ಅಡಿ. ಕಲ್ಲು 18 ಎಂಎಂ ಕಪ್ಪು ಗ್ರಾನೈಟ್. ಕೆಳಗೆ ಆರ್‌ಸಿಸಿ ಬೇಡ, ಕಡಪ ಕಲ್ಲು ನಿಲ್ಲಿಸಿದರೆ ಸಾಕು ಅಂತ ಮೇಸ್ತ್ರಿ ಹೇಳ್ತಾರೆ. ಹಾಬ್, ಸಿಂಕ್ ಎರಡೂ ಕಲ್ಲಿನೊಳಗೆ ಕೂರಬೇಕು. ಮಾಡಿಸಿದವರು ಏನು ನೋಡಿಕೊಂಡಿರಿ, ಎಲ್ಲಿ ಎಡವಿದಿರಿ, ಹೇಳ್ತೀರಾ?

ಸುರತ್ಕಲ್‌ನಿಂದ: ನಮ್ಮದೂ ಅದೇ ಕಲ್ಲು, ಅದೇ ದಪ್ಪ. ಎಂಟನೇ ತಿಂಗಳಿಗೆ ಹಾಬ್‌ನ ಎಡಮೂಲೆಯಿಂದ ಮುಂದಿನ ಅಂಚಿಗೆ ಒಂದು ಗೆರೆ ಬಂತು. ಚೌತಿಯ ಹಿಂದಿನ ದಿನ ಕಟ್ಟೆ ಒರೆಸುವಾಗ ಕೂದಲು ಅಂಟಿದೆ ಅಂದುಕೊಂಡೆ. ಎರಡು ಸಲ ಒರೆಸಿದರೂ ಹೋಗಲಿಲ್ಲ. ಬಟ್ಟೆ ಹಿಂಡಿ ನೀರು ಹಾಕಿ ಒರೆಸಿದೆ. ಸುತ್ತಲಿನ ಕಲ್ಲು ಒಣಗಿತು, ಆ ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು. ಆಗ ಬಿರುಕು ಅಂತ ಗೊತ್ತಾಯಿತು.

ಹಾಬ್ ಎತ್ತಿ ನೋಡಿದಾಗ ಕಾರಣ ಕಂಡಿತು. ಕಟ್ಟೆಯ ಅಗಲ 610 ಎಂಎಂ, ಹಾಬ್‌ಗೆ ಕತ್ತರಿಸಿದ ಕಿಂಡಿ 490. ಉಳಿಯುವುದು 120. ಮುಂದೆ ಹಿಂದೆ 60-60 ಬಿಡಬೇಕಿತ್ತು. ಫಿಟ್ಟರ್ ಕಿಂಡಿಯನ್ನು ಮುಂದಕ್ಕೆ ಎಳೆದಿದ್ದರು, ಮುಂದೆ 40 ಮಾತ್ರ ಉಳಿದಿತ್ತು. ಆ ಪಟ್ಟಿಯ ಕೆಳಗೆ ಏನೂ ಆಧಾರ ಇರಲಿಲ್ಲ. ಸಾಲದ್ದಕ್ಕೆ, ಚಿಮಣಿ ಒರೆಸಲು ನಮ್ಮವರು ಕಟ್ಟೆ ಹತ್ತಿ ಅಲ್ಲೇ ಕಾಲಿಟ್ಟಿದ್ದರು.

ನಿಮ್ಮ ಕಡಪ ಕಲ್ಲು ಸಾಲದು ಅಂತ ನಾನು ಹೇಳುವುದಿಲ್ಲ. ಅದನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದೇ ಮುಖ್ಯ. ಗೋಡೆಯಿಂದ ಸಮ ಅಳತೆಗೆ ನಿಲ್ಲಿಸಿ ಆಮೇಲೆ ಹಾಬ್ ಎಲ್ಲಿ ಅಂತ ಕೇಳಬಾರದು. ಹಾಬ್, ಸಿಂಕ್ ಎರಡನ್ನೂ ಮೊದಲು ಕೊಂಡು ತಂದು ನೆಲದ ಮೇಲೆ ಇಟ್ಟು, ಅವುಗಳ ಎರಡೂ ಬದಿಗೆ ಒಂದೊಂದು ಆಧಾರ ಬರುವ ಹಾಗೆ ಗುರುತು ಹಾಕಿಸಿ. ಉಳಿದ ಕಡೆ ಎರಡು, ಎರಡೂವರೆ ಅಡಿಗೆ ಒಂದು ಸಾಕಾದೀತು.

ಕದ್ರಿಯಿಂದ: ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ? ಎರಡೂವರೆ ಇಂಚು ಆರ್‌ಸಿಸಿ ಹಾಕಿಸಿ, ಮೇಲೆ ಸಿಮೆಂಟ್ ಗಾರೆ ಹರಡಿ ಕಲ್ಲು ಕೂರಿಸಿ. ಯಾವ ಕಲ್ಲೂ ಒಡೆಯುವುದಿಲ್ಲ. ಜಾಯಿಂಟ್‌ಗೆ ಬಿಳಿ ಸಿಮೆಂಟಿಗೆ ಕಪ್ಪು ಬಣ್ಣ ಕಲಸಿ ತುಂಬಿಸಿದರೆ ಆಯಿತು. ನಮ್ಮ ಹಳೆಮನೆಯದ್ದು ಹಾಗೇ ಉಂಟು.

ಕಾರ್ಕಳದಿಂದ, ಕಲ್ಲಿನ ಕೆಲಸ ಮಾಡುವವ: ಕದ್ರಿಯವರ ಆರ್‌ಸಿಸಿ ಮಾತು ಸರಿ, ಗಟ್ಟಿ ಕೆಲಸ. ಆದರೆ ಸ್ಲ್ಯಾಬ್ ಹಾಕುವಾಗಲೇ ಹಾಬ್, ಸಿಂಕ್ ಜಾಗಕ್ಕೆ ಹಲಗೆ ಕಟ್ಟಿ ತೆರವು ಬಿಡಬೇಕು, ಕಲ್ಲಿನ ಕಿಂಡಿಗಿಂತ ಸುತ್ತ ಒಂದು ಇಂಚು ಜಾಸ್ತಿ. ಕೆಳಗಿನಿಂದ ಅಂಟಿಸುವ ಸಿಂಕ್ ಆದರೆ ಸಿಂಕಿನ ಹೊರಅಂಚಿಗಿಂತ ಜಾಸ್ತಿ. ಹಾಗೆ ಬಿಡದೆ, ಕಲ್ಲು ಕೂರಿಸಿದ ಮೇಲೆ ಬ್ರೇಕರ್ ಹಾಕಿ ಒಡೆದರೆ ಆ ಅದುರಿಗೇ ಕಲ್ಲು ಸೀಳುತ್ತದೆ. ತೆರವು ಬಿಟ್ಟ ಕಡೆ ಕಲ್ಲಿನ ಪಟ್ಟಿ ಮತ್ತೆ ಆಧಾರ ಇಲ್ಲದೆಯೇ ನಿಲ್ಲುತ್ತದೆ. ಆರ್‌ಸಿಸಿ ಇದ್ದರೂ ಹಾಬ್ ಮುಂದಿನ ಪಟ್ಟಿಯ ಚಿಂತೆ ತಪ್ಪುವುದಿಲ್ಲ.

ಸುರತ್ಕಲ್ ಅಕ್ಕನವರು ಒಂದು ವಿಷಯ ಬಿಟ್ಟಿದ್ದಾರೆ. ಬಿರುಕು ಹೆಚ್ಚಾಗಿ ಮೂಲೆಯಿಂದಲೇ ಹೊರಡುತ್ತದೆ. ಕಟರ್‌ನ ಬ್ಲೇಡ್ ದುಂಡಗಿನದ್ದು, ಕಲ್ಲಿನ ಪೂರ್ತಿ ದಪ್ಪ ಕತ್ತರಿಸಬೇಕಾದರೆ ಮೂಲೆ ದಾಟಿ ಓಡಲೇಬೇಕು. ಮೇಲಿನಿಂದ ಕತ್ತರಿಸಿದರೆ ಆ ಗಾಯ ಮೇಲೆ ಕಾಣುತ್ತದೆ. ಅದಕ್ಕೆ ಕೆಲವರು ಕಲ್ಲನ್ನು ಮಗುಚಿ ಹಿಂಬದಿಯಿಂದ ಕತ್ತರಿಸುತ್ತಾರೆ. ಮೇಲೆ ಮೂಲೆ ಚಂದ ಕಾಣುತ್ತದೆ, ಗಾಯ ಕೆಳಗೆ ಅಡಗಿರುತ್ತದೆ. ಹಾಬ್ ಕೂರಿಸುವ ಮೊದಲು ಕಿಂಡಿಯೊಳಗೆ ಕೈ ಹಾಕಿ, ನಾಲ್ಕೂ ಮೂಲೆಯ ಅಡಿಯಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕೊರೆತ ಉಂಟು. ಸರಿಯಾದ ಕ್ರಮ ಅಂದರೆ ಮೊದಲು ನಾಲ್ಕು ಮೂಲೆಗೂ ಕೋರ್ ಬಿಟ್‌ನಲ್ಲಿ ದುಂಡು ತೂತು ತೆಗೆಯುವುದು, ಬ್ಲೇಡ್ ತೂತಿನೊಳಗೇ ನಿಲ್ಲಬೇಕು. ದುಂಡು ಮೂಲೆಯಲ್ಲಿ ಭಾರ ಹರಡಿಕೊಳ್ಳುತ್ತದೆ, ಚೂಪು ಮೂಲೆಯಲ್ಲಿ ಒಂದೇ ಕಡೆ ಬೀಳುತ್ತದೆ. ಹಾಬ್‌ನ ಅಂಚು ಹೇಗೂ ಮೂಲೆ ಮುಚ್ಚುತ್ತದೆ.

ಮುಂದಿನ ಅಂಚು ದಪ್ಪ ಕಾಣಲಿ ಅಂತ ಕೆಳಗೆ ಅದೇ ಕಲ್ಲಿನ ಎರಡಿಂಚು ಪಟ್ಟಿ ಅಂಟಿಸುತ್ತಾರಲ್ಲ, ಅದು ಬರೀ ಚಂದಕ್ಕಲ್ಲ. ಹಾಬ್ ಮುಂದೆ ಆ ಪಟ್ಟಿ ಒಂದೇ ತುಂಡಾಗಿ ಕಿಂಡಿಯ ಎರಡೂ ಬದಿಗೆ ಅರ್ಧ ಅಡಿ ದಾಟಿದರೆ ಅದೇ ತೊಲೆಯ ಕೆಲಸ ಮಾಡುತ್ತದೆ. ಕಿಂಡಿಯ ಮುಂದೆಯೇ ಪಟ್ಟಿಯ ಜೋಡಣೆ ಬಂದರೆ ಪ್ರಯೋಜನ ಇಲ್ಲ.

ಬಿಳಿ ಸಿಮೆಂಟ್ ಬೇಡ. ಪಾತ್ರೆ ತೊಳೆಯುವ ಕಡೆ ಅದು ನೀರು ಕುಡಿದು ಪುಡಿಯಾಗುತ್ತದೆ. ಕಲ್ಲಿನ ಬಣ್ಣಕ್ಕೆ ಹೊಂದುವ ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಬ್ಲೇಡಿನಲ್ಲಿ ಹೆರೆಯಬೇಕು. ಮಳೆಗಾಲದಲ್ಲಿ ಮಾಡಿಸುವುದಾದರೆ ಅಂಚುಗಳನ್ನು ಪೂರ್ತಿ ಒಣಗಿಸಲೇಬೇಕು. ಕೈಗೆ ಒಣಗಿದಂತೆ ಕಂಡರೂ ಕಲ್ಲಿನೊಳಗೆ ನೀರಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ, ಆರು ತಿಂಗಳಿಗೆ ಸಿಪ್ಪೆಯ ಹಾಗೆ ಏಳುತ್ತದೆ. ಗೋಡೆ ಮತ್ತು ಕಟ್ಟೆ ಸೇರುವ ಗೆರೆಗೆ ಮಾತ್ರ ಸಿಲಿಕಾನ್, ಹುಳಿ ವಾಸನೆ ಬಾರದ ನ್ಯೂಟ್ರಲ್ ಜಾತಿಯದ್ದು.

ಕುಂದಾಪುರದಿಂದ: ಕಪ್ಪು ಕಲ್ಲು ಹೊಳೀಬೇಕಾದ್ರೆ ವಾರಕ್ಕೊಮ್ಮೆ ತೆಂಗಿನೆಣ್ಣೆ ಒರೆಸಿ. ನಾವು ಹಾಗೇ ಮಾಡೋದು, ಕನ್ನಡಿ ತರ ಇದೆ.

ಮಣಿಪಾಲದಿಂದ: ಎಣ್ಣೆ ಹಚ್ಚಿದ ಕಲ್ಲಿಗೆ ಆಮೇಲೆ ಸೀಲರ್ ಇಳಿಯುವುದಿಲ್ಲ, ಅದಕ್ಕೇ ಮೊದಲ ದಿನದಿಂದ ಎಣ್ಣೆ ಬೇಡ. ಸೀಲರ್ ಬೇಕೋ ಬೇಡವೋ ಅಂತ ತಿಳಿಯಲು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಕಾಲು ಗಂಟೆ ಬಿಡಿ. ಒರೆಸಿದಾಗ ಅಲ್ಲಿ ಕಪ್ಪು ಮಚ್ಚೆ ಉಳಿದರೆ ಬೇಕು.

ನನ್ನದು ಸಿಂಕ್ ಕತೆ. ಕೆಳಗಿನಿಂದ ಅಂಟಿಸಿದ್ದು ಬರೀ ಸಿಲಿಕಾನ್‌ನಲ್ಲಿ. ನೀರು ತುಂಬಿ ಪಾತ್ರೆ ನೆನೆಹಾಕಿದ್ದ ರಾತ್ರಿ ಒಂದು ಬದಿ ಇಳಿಯಿತು. ಆಮೇಲೆ ಕಬ್ಬಿಣದ ಆಂಗಲ್ ಕೊಟ್ಟರು. ಎರಡು ಮಳೆಗಾಲಕ್ಕೆ ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಮೇಲೆ ಒತ್ತಿತು. ಈಗ ಸ್ಟೇನ್‌ಲೆಸ್ ಸ್ಟೀಲ್ ಆಂಗಲ್ ಮೇಲೆ ಸಿಂಕಿನ ಅಂಚು ಕೂತಿದೆ. ನಮ್ಮ ಕಡಲ ಗಾಳಿಗೆ ಬಣ್ಣ ಬಳಿದ ಕಬ್ಬಿಣ ನಿಲ್ಲುವುದಿಲ್ಲ.

ಕುಂಜಿಬೆಟ್ಟು: ಎಲ್ಲರಿಗೂ ಧನ್ಯವಾದ. 9 ಅಡಿಯ ಬದಿಗೆ ಉದ್ದದ ಕಲ್ಲು ಇಲ್ಲವಂತೆ. ಸಿಂಕಿನ ನಡುವಿಗೆ ಜಾಯಿಂಟ್ ತಂದರೆ ಕಾಣುವುದೇ ಇಲ್ಲ ಅಂತಾರೆ. ಒಪ್ಪಬಹುದಾ?

ಸುರತ್ಕಲ್: ಬೇಡ. ಅತಿ ಹೆಚ್ಚು ನೀರು ನಿಲ್ಲುವ ಜಾಗ ಅದು. ಎರಡು ಕಿಂಡಿಗಳ ನಡುವೆ, ಆಧಾರದ ತಲೆಯ ಮೇಲೆಯೇ ಜಾಯಿಂಟ್ ಬರಲಿ.

ಕಾರ್ಕಳ: ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಅಲ್ಲಿ ಜಾಯಿಂಟ್ ಮುಂದೆ ಮೂರು ಇಂಚು, ಹಿಂದೆ ಮೂರು ಇಂಚು ಮಾತ್ರ. ತೆಳು ಪಟ್ಟಿ ಇರುವ ದೊಡ್ಡ ಕಲ್ಲನ್ನು ಹೊತ್ತು ತರುವಾಗ ಒಡೆಯುವ ಭಯವೂ ಇಲ್ಲ. ಆದರೆ ಆ ಎರಡು ತುಂಡಿನ ಕೆಳಗೂ ಸ್ಟೀಲ್ ಪಟ್ಟಿ ಕೊಡಬೇಕು, ಅದನ್ನು ಕೊಡುವ ಫಿಟ್ಟರ್ ಸಿಗುವುದು ಕಡಿಮೆ. ಕೊಡುವುದಿಲ್ಲ ಅಂದರೆ ಅಕ್ಕ ಹೇಳಿದ ಹಾಗೇ ಮಾಡಿ.

ಕುಂಜಿಬೆಟ್ಟು: ನಾಳೆ ಮೇಸ್ತ್ರಿಯ ಹತ್ತಿರ ಕೇಳ್ತೇನೆ. ಸುರತ್ಕಲ್ ಅಕ್ಕ, ನಿಮ್ಮ ಬಿರುಕು ಏನು ಮಾಡಿದಿರಿ?

ಸುರತ್ಕಲ್: ಹಾಬ್ ತೆಗೆದು, ಕೆಳಗಿನಿಂದ ಮರದ ತುಂಡಿಟ್ಟು ಜ್ಯಾಕ್‌ನಲ್ಲಿ ಪಟ್ಟಿಯನ್ನು ನಿಧಾನಕ್ಕೆ ಸಮಕ್ಕೆ ತಂದು, ಬಿರುಕಿಗೆ ತೆಳು ಎಪಾಕ್ಸಿ ಇಳಿಸಿದರು. ಕೆಳಗೆ ಸ್ಟೀಲ್ ಆಂಗಲ್ ಬಂತು. ಮೂರು ವರ್ಷವಾಯಿತು, ಮತ್ತೆ ಬಾಯಿ ಬಿಟ್ಟಿಲ್ಲ. ಬೆಳಗ್ಗಿನ ಓರೆ ಬಿಸಿಲು ಕಿಟಕಿಯಿಂದ ಬಿದ್ದಾಗ ಗೆರೆ ಈಗಲೂ ಕಾಣುತ್ತದೆ.