ಅಪ್‌ಡೇಟ್: ಸ್ಕೇಟರ್ ಕೈ ಒಳಗೆಳೆದುಕೊಂಡಾಗ ಹೆಚ್ಚುವ ಶಕ್ತಿ ಎಲ್ಲಿಯದು?

ನನ್ನ ಪ್ರಶ್ನೆ: "ಐಸ್ ಮೇಲೆ ಗಿರ್ರನೆ ತಿರುಗುತ್ತಿರುವ ಸ್ಕೇಟರ್ ಎರಡೂ ಕೈ ಒಳಗೆಳೆದುಕೊಂಡರೆ ಕೋನೀಯ ಸಂವೇಗ ಬದಲಾಗುವುದಿಲ್ಲ, ಶಕ್ತಿ ಮಾತ್ರ ಹೆಚ್ಚುತ್ತದೆ. ಯಾರೂ ತಳ್ಳದೆ ಅದು ಬಂದದ್ದೆಲ್ಲಿಂದ?"

ಉತ್ತರಿಸಿದವರಿಗೆಲ್ಲ ಧನ್ಯವಾದ. ಅಂದಾಜು ಅಂಕಿಗಳನ್ನಿಟ್ಟು ಲೆಕ್ಕ ಹಾಕಿದೆ. ಕೈ ಚಾಚಿದಾಗ ತಿರುಗುವಿಕೆಗೆ ಒಡ್ಡುವ ಜಡತ್ವ I = 3.2 kg m², ಸೆಕೆಂಡಿಗೆ ಒಂದು ಸುತ್ತು. ಮಡಚಿದಾಗ I = 1.6. ತಿರುಗುವ ವೇಗ ω ಎಂದರೆ ಕೋನೀಯ ಸಂವೇಗ Iω; ಅದು ಅಷ್ಟೇ ಉಳಿಯಬೇಕಾದ್ದರಿಂದ ಸೆಕೆಂಡಿಗೆ ಎರಡು ಸುತ್ತು. ಶಕ್ತಿ ½Iω² ಮಾತ್ರ ಸುಮಾರು 63 ಜೂಲ್‌ನಿಂದ 126ಕ್ಕೆ ಏರುತ್ತದೆ.

ಆ ಹೆಚ್ಚುವರಿ 63 ಜೂಲ್ ಬರುವುದು ಸ್ಕೇಟರ್‌ನ ಸ್ನಾಯುಗಳಿಂದ. 3.5 ಕೆಜಿಯ ಒಂದು ತೋಳು, ಅದರ ದ್ರವ್ಯರಾಶಿ ಕೇಂದ್ರ ಅಕ್ಷದಿಂದ ಅರ್ಧ ಮೀಟರ್ ದೂರದಲ್ಲಿದೆ ಎನ್ನಿ. ಅದನ್ನು ವೃತ್ತದಲ್ಲಿ ಹಿಡಿದಿಡಲೇ ಸುಮಾರು 69 ನ್ಯೂಟನ್ ಬೇಕು. ಏಳು ಕೆಜಿ ಅಕ್ಕಿಚೀಲ ಎತ್ತಿ ಹಿಡಿದಷ್ಟು. ಒಳಗೆಳೆಯತೊಡಗಿದಂತೆ ಈ ಬಲ ಇನ್ನೂ ಬೆಳೆಯುತ್ತದೆ.

ನನಗೆ ತೊಡಕಾಗಿದ್ದುದು ಇಲ್ಲಿ: ಬಲ ಕೇಂದ್ರದತ್ತ, ಚಲನೆ ವೃತ್ತದ ಸ್ಪರ್ಶಕದತ್ತ ಇದ್ದರೆ ಕೆಲಸ ಹೇಗಾದೀತು? ಆದರೆ ಎಳೆಯುವಾಗ ಕೈಯ ಹಾದಿ ವೃತ್ತವಲ್ಲ, ಒಳಮುಖ ಸುರುಳಿ. ವೇಗದ ಒಂದು ಪಾಲು ಕೇಂದ್ರದತ್ತಲೇ ಇರುತ್ತದೆ. ಕೆಲಸ ನಡೆಯುವುದು ಅದರಿಂದ. ಬಲದ ರೇಖೆ ಅಕ್ಷದ ಮೂಲಕವೇ ಹಾಯುವುದರಿಂದ ಅದರ ತಿರುಗಿಸುವ ಪರಿಣಾಮವಾದ ಟಾರ್ಕ್ ಮಾತ್ರ ಸೊನ್ನೆ, ಹಾಗಾಗಿ ಕೋನೀಯ ಸಂವೇಗ ಬದಲಾಗುವುದಿಲ್ಲ.

ಮತ್ತೆ ಕೈ ಚಾಚಿದರೆ ವೇಗ ಇಳಿಯುತ್ತದೆ, ಆದರೆ ಆ 63 ಜೂಲ್ ಸ್ನಾಯುಗಳಿಗೆ ಇಂಧನವಾಗಿ ಮರಳುವುದಿಲ್ಲ, ಬಹುಪಾಲು ಶಾಖವಾಗುತ್ತದೆ. ಬ್ಲೇಡಿನ ಘರ್ಷಣೆಯೂ ಕೋನೀಯ ಸಂವೇಗವನ್ನು ನಿಧಾನವಾಗಿ ಕಸಿಯುತ್ತದೆ. ಕೈ ಎಳೆಯುವ ಒಂದೆರಡು ಕ್ಷಣಕ್ಕೆ ಅದನ್ನು ಲೆಕ್ಕದಿಂದ ಬಿಟ್ಟರೂ ನಡೆಯುತ್ತದೆ.